ಬ್ರೌಸರ್ ತೆರೆಯುತ್ತದೆ, ಮೇಲ್ ಹೋಗುವುದಿಲ್ಲ: ಪಾಸ್‌ವರ್ಡ್ ಮುಟ್ಟುವ ಮೊದಲು

ಸಾಗರದ ಅಡಿಕೆ ಮಂಡಿಯ ಲೆಕ್ಕದ ಕೋಣೆಯಿರಲಿ, ತೀರ್ಥಹಳ್ಳಿಯ ಆಡಿಟರ್ ಕಚೇರಿಯಿರಲಿ, ಹೊಸನಗರದ ಸಹಕಾರ ಸಂಘವಿರಲಿ, ಈ ತೊಂದರೆಯನ್ನು ಜನ ಹೇಳುವ ರೀತಿ ಒಂದೇ: ‘ನೆಟ್ ಸರಿಯಾಗಿಯೇ ಇದೆ, ಮೇಲ್ ಮಾತ್ರ ಹೋಗ್ತಾ ಇಲ್ಲ.’ ಪತ್ರಿಕೆಯ ವೆಬ್‌ಸೈಟ್ ತೆರೆಯುತ್ತದೆ, ಯೂಟ್ಯೂಬ್ ಓಡುತ್ತದೆ, ಜಿಎಸ್‌ಟಿ ಪೋರ್ಟಲ್ ಕೂಡ ಲಾಗಿನ್ ಆಗುತ್ತದೆ. ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಬರೆದ ಪತ್ರ ಮಾತ್ರ ಔಟ್‌ಬಾಕ್ಸ್ ಬಿಟ್ಟು ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಹತ್ತರಲ್ಲಿ ಎಂಟು ಮಂದಿ ಮಾಡುವ ಮೊದಲ ಕೆಲಸ ಪಾಸ್‌ವರ್ಡ್ ಬದಲಿಸುವುದು. ನೆಟ್ ಚೆನ್ನಾಗಿದ್ದ ಮೇಲೆ ತಪ್ಪು ಪಾಸ್‌ವರ್ಡ್‌ನದ್ದೇ ಇರಬೇಕು ಎಂಬ ತರ್ಕ ಅದರ ಹಿಂದಿದೆ. ಆ ತರ್ಕ ಮೊದಲ ಹೆಜ್ಜೆಯಲ್ಲೇ ಎಡವಿದೆ ಎಂಬುದು ಈ ಲೇಖನದ ವಾದ. ಬ್ರೌಸರ್ ಕೆಲಸ ಮಾಡುವುದರಿಂದ ಸಾಬೀತಾಗುವುದು ಬಹಳ ಕಡಿಮೆ. ಮೇಲ್ ಆ್ಯಪ್‌ಗೂ ಸರ್ವರ್‌ಗೂ ನಡೆಯುವ ಮಾತುಕತೆ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಏನನ್ನೂ ಬದಲಿಸದೆ ಮೊದಲು ಕಂಡುಕೊಳ್ಳಬೇಕು. ಪಾಸ್‌ವರ್ಡ್‌ನ ಸರದಿ ಬರುವುದು ಆಮೇಲೆ, ಸರ್ವರ್ ತಾನಾಗಿ ಅದರ ಹೆಸರೆತ್ತಿದಾಗ ಮಾತ್ರ.

ಸರ್ವರ್ ಎಂಬ ಕಟ್ಟಡಕ್ಕೆ ನಂಬರ್ ಬರೆದ ಹಲವು ಬಾಗಿಲುಗಳಿವೆ ಎಂದುಕೊಳ್ಳೋಣ. ಈ ಬಾಗಿಲುಗಳೇ ಪೋರ್ಟ್. ಬ್ರೌಸರ್ ಹೆಚ್ಚುಕಡಿಮೆ ಎಲ್ಲ ಹೊತ್ತೂ ಬಳಸುವುದು 443 ಎಂಬ ಒಂದೇ ಬಾಗಿಲನ್ನು. ಬೀಗದ ಗುರುತಿಲ್ಲದ ಹಳೆಯ ಸೈಟ್‌ಗಳಿಗೆ 80. ಐಮ್ಯಾಪ್, ಪಾಪ್, ಎಸ್‌ಎಂಟಿಪಿ ಬಳಸುವ ಮೇಲ್ ಆ್ಯಪ್ ಪತ್ರಗಳಿಗಾಗಿ ಇವೆರಡರ ಹತ್ತಿರವೂ ಸುಳಿಯುವುದಿಲ್ಲ. ಬಂದ ಪತ್ರಗಳನ್ನು ಐಮ್ಯಾಪ್ ವಿಧಾನದಲ್ಲಿ ಓದಲು ಅದು 993ಕ್ಕೆ ಹೋಗುತ್ತದೆ, ಹಳೆಯ ಪಾಪ್ ವಿಧಾನವಾದರೆ 995ಕ್ಕೆ. ಪತ್ರ ಕಳಿಸುವ ಎಸ್‌ಎಂಟಿಪಿಗೆ 587 ಅಥವಾ 465. ಅಂದರೆ ತರುವುದೂ ಕಳಿಸುವುದೂ ಬೇರೆ ಬೇರೆ ದಾರಿ, ಎಷ್ಟೋ ಸಲ ಬೇರೆ ಬೇರೆ ಯಂತ್ರ. ಹಾಗಾಗಿ ಪತ್ರ ಬರುತ್ತಿದ್ದು ಹೋಗದೆ ಇದ್ದರೆ ಅದರಲ್ಲಿ ವಿಚಿತ್ರವೇನಿಲ್ಲ. ಹಳೆಯ ಸೆಟ್ಟಿಂಗ್‌ಗಳಲ್ಲಿ ಇನ್ನೊಂದು ನಂಬರೂ ಕಾಣಿಸುತ್ತದೆ: 25. 1982ರಲ್ಲಿ ಎಸ್‌ಎಂಟಿಪಿಯ ನಿಯಮ ಬರೆದಾಗ ಎಲ್ಲ ಮೇಲ್‌ಗೂ ಇದೊಂದೇ ಬಾಗಿಲಿತ್ತು. ಬಂದವರು ಯಾರೆಂದು ಕೇಳುವ ವ್ಯವಸ್ಥೆಯೂ ಆಗ ಇರಲಿಲ್ಲ. ಸ್ಪ್ಯಾಮ್ ಕಳಿಸುವವರು ಇದನ್ನೇ ಬಳಸಿಕೊಂಡಿದ್ದರಿಂದ, ಬಳಕೆದಾರರು ಪತ್ರ ಒಪ್ಪಿಸಲು 587 ಎಂಬ ಪ್ರತ್ಯೇಕ ಬಾಗಿಲನ್ನು 1998ರಲ್ಲಿ ಗೊತ್ತುಮಾಡಿದರು. ಈಗ 25 ಇರುವುದು ಒಂದು ಮೇಲ್ ಸರ್ವರ್ ಇನ್ನೊಂದು ಮೇಲ್ ಸರ್ವರ್‌ಗೆ ಪತ್ರ ದಾಟಿಸಲಿಕ್ಕೆ. ಮನೆ, ಅಂಗಡಿಗಳ ಸಂಪರ್ಕದಿಂದ ಹೊರಡುವ 25ರ ದಾರಿಯನ್ನು ಜಗತ್ತಿನಾದ್ಯಂತ ಅನೇಕ ಇಂಟರ್ನೆಟ್ ಕಂಪನಿಗಳು ಮುಚ್ಚಿರುತ್ತವೆ, ಮತ್ತು ಅದು ಸರಿಯಾದ ಕ್ರಮವೇ. ವೈರಸ್ ಹೊಕ್ಕ ಒಂದು ಕಂಪ್ಯೂಟರ್ ಊರಿಗೆಲ್ಲ ಸ್ಪ್ಯಾಮ್ ಹಂಚುವುದನ್ನು ತಡೆಯಲು ಅಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಇಲ್ಲಿ ಎರಡು ಆಕ್ಷೇಪ ಬರಬಹುದು. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಜಿಮೇಲ್ ತೆರೆದರೆ ಪತ್ರ ಹೋಗುತ್ತದಲ್ಲ ಎಂಬುದು ಒಂದು. ಅದೇ ವೈಫೈಯಲ್ಲಿರುವ ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಎಲ್ಲವೂ ಸರಿಯಿದೆಯಲ್ಲ ಎಂಬುದು ಇನ್ನೊಂದು. ಎರಡೂ ನಿಜ, ಆದರೆ ಎರಡೂ ಸಾಕ್ಷಿಯಾಗುವುದಿಲ್ಲ. ಬ್ರೌಸರಿನಲ್ಲಿ ನೀವು ಬರೆದದ್ದು 443ರ ಮೂಲಕವೇ ಗೂಗಲ್‌ಗೆ ತಲುಪುತ್ತದೆ. ಅಲ್ಲಿಂದ ಮುಂದಿನ ಎಸ್‌ಎಂಟಿಪಿ ಕೆಲಸವನ್ನು ಗೂಗಲ್‌ನ ಸರ್ವರ್‌ಗಳು ಮಾಡಿಕೊಳ್ಳುತ್ತವೆ. ಮೊಬೈಲಿನ ಜಿಮೇಲ್ ಆ್ಯಪ್ ಕೂಡ ಗೂಗಲ್ ಖಾತೆಗೆ ಐಮ್ಯಾಪ್ ಬಳಸದೆ 443ರಲ್ಲೇ ಮಾತಾಡುತ್ತದೆ. ಮೊಬೈಲಿನ ಔಟ್‌ಲುಕ್ ಇನ್ನೂ ಒಂದು ಹೆಜ್ಜೆ ಮುಂದೆ: ನಿಮ್ಮ ಮೇಲ್ ಸರ್ವರ್ ಜೊತೆ ವ್ಯವಹರಿಸುವುದು ಮೈಕ್ರೋಸಾಫ್ಟ್‌ನ ಕ್ಲೌಡ್, ಫೋನ್ ಆ ಕ್ಲೌಡ್ ಜೊತೆ ಮಾತ್ರ ವ್ಯವಹರಿಸುತ್ತದೆ. ಹೀಗಾಗಿ ಫೋನಿನಲ್ಲಿ ಮೇಲ್ ಬಂದರೆ 993 ತೆರೆದಿದೆ ಎಂದು ಅರ್ಥವಲ್ಲ. ಪಾಸ್‌ವರ್ಡ್ ಸರಿಯಿದೆ ಎಂದೂ ಅಲ್ಲ. ಬ್ರೌಸರಿನಲ್ಲಿ ಎಂದೋ ಮಾಡಿದ ಲಾಗಿನ್ ತಿಂಗಳುಗಟ್ಟಲೆ ಉಳಿದುಕೊಂಡಿರುತ್ತದೆ. ‘ಪಾಸ್‌ವರ್ಡ್ ಗೊತ್ತು, ದಿನಾ ಜಿಮೇಲ್ ನೋಡ್ತೀನಲ್ಲ’ ಎನ್ನುವವರನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಾಗಿನ್ ಆಗಲು ಹೇಳಿ. ಅಲ್ಲಿ ಒಂದಷ್ಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ.

ಹಾಗಾದರೆ ನಿಜವಾದ ಸಾಕ್ಷಿ ಸಿಗುವುದು ಎಲ್ಲಿ? ವಿಂಡೋಸ್ 10, 11ರಲ್ಲಿ ಅದಕ್ಕೆ ಬೇಕಾದ ಸಾಧನ ಮೊದಲೇ ಇದೆ. ಸ್ಟಾರ್ಟ್ ಮೆನುವಿನಲ್ಲಿ PowerShell ಎಂದು ಟೈಪ್ ಮಾಡಿ ತೆರೆದು, ಈ ಸಾಲುಗಳನ್ನು ಒಂದೊಂದಾಗಿ ಕೊಡಬೇಕು. ಜಿಮೇಲ್ ಅಲ್ಲದಿದ್ದರೆ ನಿಮ್ಮ ಆ್ಯಪ್‌ನ ಸೆಟ್ಟಿಂಗ್‌ನಲ್ಲಿರುವ ಸರ್ವರ್ ಹೆಸರು ಹಾಕಿ.

```
Test-NetConnection imap.gmail.com -Port 993
Test-NetConnection smtp.gmail.com -Port 587
Test-NetConnection smtp.gmail.com -Port 465
```

ಉತ್ತರದ ಕೊನೆಯಲ್ಲಿ TcpTestSucceeded ಎಂಬ ಸಾಲು ಇರುತ್ತದೆ. ಅದರ ಮುಂದೆ True ಎಂದಿದ್ದರೆ ಆ ಬಾಗಿಲಿನವರೆಗೆ ದಾರಿ ಇದೆ. ಸ್ವಲ್ಪ ಹೊತ್ತು ತಡೆದು False ಎಂದರೆ ದಾರಿಯಲ್ಲಿ ಎಲ್ಲೋ ಯಾರೋ ಅಡ್ಡಗಟ್ಟಿದ್ದಾರೆ, ಇಲ್ಲವೆ ಆ ಸರ್ವರ್ ಆ ನಂಬರಿನಲ್ಲಿ ಕಿವಿಗೊಟ್ಟು ಕೂತಿಲ್ಲ. ಸರ್ವರ್ ಹೆಸರೇ ಸಿಗಲಿಲ್ಲವೆಂಬ ಎಚ್ಚರಿಕೆ ಬಂದರೆ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ನೋಡಬೇಕು; smtp ಎಂಬಲ್ಲಿ stmp ಆಗಿರುವುದು ನಾವೆಣಿಸುವುದಕ್ಕಿಂತ ಹೆಚ್ಚು. ಇದು ತಂತ್ರಜ್ಞರ ಕೆಲಸ, ನಮಗೇಕೆ ಎನ್ನುವವರಿಗೆ ಒಂದು ಮಾತು: ಈ ಆಜ್ಞೆ ಬಾಗಿಲು ತಟ್ಟಿ ನೋಡುತ್ತದೆಯೇ ಹೊರತು ಯಾವ ಸೆಟ್ಟಿಂಗನ್ನೂ ಬದಲಿಸುವುದಿಲ್ಲ. ಪಾಸ್‌ವರ್ಡ್ ಬದಲಿಸುವುದಕ್ಕೆ ಹೋಲಿಸಿದರೆ ಇದರಲ್ಲಿ ಅಪಾಯವೇ ಇಲ್ಲ. ಮಿತಿಯೊಂದು ಇದೆ ಎಂಬುದನ್ನು ಒಪ್ಪಬೇಕು. ಕೆಲವು ಆಂಟಿವೈರಸ್‌ಗಳು ಮೇಲ್ ತಪಾಸಣೆಗಾಗಿ ಈ ಪೋರ್ಟ್‌ಗಳ ಸಂಪರ್ಕವನ್ನು ಕಂಪ್ಯೂಟರಿನೊಳಗೇ ತಾವು ಸ್ವೀಕರಿಸಿ, ಆಮೇಲೆ ಹೊರಗೆ ಕಳಿಸುತ್ತವೆ. ಅಂಥಲ್ಲಿ ಹೊರಗಿನ ದಾರಿ ಮುಚ್ಚಿದ್ದರೂ True ಬರಬಹುದು. ಎಲ್ಲವೂ True ಆಗಿದ್ದು ಆ್ಯಪ್ ಮಾತ್ರ ಸಂಪರ್ಕ ಸಿಗಲಿಲ್ಲ ಎನ್ನುತ್ತಿದ್ದರೆ ಆಂಟಿವೈರಸ್‌ನ ಮೇಲ್ ತಪಾಸಣೆಯೊಂದನ್ನು ಐದು ನಿಮಿಷ ನಿಲ್ಲಿಸಿ ನೋಡುವುದು ನ್ಯಾಯ. ಇಡೀ ಆಂಟಿವೈರಸ್ ಕಿತ್ತುಹಾಕುವುದು, ಫೈರ್‌ವಾಲ್ ಆರಿಸಿ ಹಾಗೇ ಮರೆಯುವುದು ನ್ಯಾಯವಲ್ಲ.

ಯಾವುದಾದರೂ ಪೋರ್ಟ್ False ಎಂದರೆ ಮುಂದಿನ ಪರೀಕ್ಷೆ ಅದೇ ಕಂಪ್ಯೂಟರನ್ನು ಬೇರೆ ಸಂಪರ್ಕಕ್ಕೆ ಜೋಡಿಸುವುದು. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ವೈಫೈ ಬಿಟ್ಟು ಅದಕ್ಕೆ ಸೇರಿ, ಅದೇ ಸಾಲು ಮತ್ತೆ ಕೊಡಿ. ಕಂಪ್ಯೂಟರ್ ಅದೇ, ಆ್ಯಪ್ ಅದೇ, ಬದಲಾದದ್ದು ಹೊರಗಿನ ದಾರಿ ಮಾತ್ರ. ಆದ್ದರಿಂದ ಈಗ True ಬಂದರೆ ತಪ್ಪು ಕಚೇರಿಯ ಸಂಪರ್ಕದಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು. ಇಲ್ಲೂ False ಬಂದರೆ ಸಂದೇಹ ಕಂಪ್ಯೂಟರಿನ ಒಳಗಿನ ಫೈರ್‌ವಾಲ್ ಮೇಲೆ ಅಥವಾ ಆ ಸರ್ವರ್ ಮೇಲೆಯೇ ಹೋಗುತ್ತದೆ. ಪೇಟೆಯಲ್ಲಿ ಇದು ಸುಲಭ. ಹೊಸನಗರ ತಾಲ್ಲೂಕಿನ ಒಳಹಳ್ಳಿಗಳಲ್ಲಿ ಫೈಬರ್ ತಂತಿ ಮನೆಗೆ ಬಂದಿದ್ದರೂ ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಉಂಟು, ಇಳಿದರೆ ಇಲ್ಲ. ಅಂಥಲ್ಲಿ ಲ್ಯಾಪ್‌ಟಾಪ್ ಇದ್ದರೆ ರಿಪ್ಪನ್‌ಪೇಟೆಗೋ ಸಾಗರಕ್ಕೋ ಹೋದಾಗ ನೋಡಿಕೊಂಡು ಬರಬಹುದು. ಡೆಸ್ಕ್‌ಟಾಪ್ ಆದರೆ ಅದೇ ಕಂಪನಿಯ ಸಂಪರ್ಕ ಇರುವ ನೆರೆಮನೆಯ ಕಂಪ್ಯೂಟರಿನಲ್ಲಿ ಮೂರು ಸಾಲು ಓಡಿಸಿದರೂ ಅರ್ಧ ಉತ್ತರ ಸಿಗುತ್ತದೆ: ಅಲ್ಲೂ False ಆದರೆ ಇದು ನಿಮ್ಮೊಬ್ಬರ ಕಾಟವಲ್ಲ. ಕಾಲೇಜು, ಸರ್ಕಾರಿ ಕಚೇರಿ, ಕೆಲವು ಲಾಡ್ಜ್‌ಗಳ ನೆಟ್‌ವರ್ಕ್‌ನಲ್ಲಿ 80, 443 ಬಿಟ್ಟು ಉಳಿದದ್ದನ್ನೆಲ್ಲ ಬೇಕೆಂದೇ ಮುಚ್ಚಿರುವುದುಂಟು. ಅಲ್ಲಿ ಆ್ಯಪ್ ಸೆಟ್ಟಿಂಗ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಒಂದೋ ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಬೇಕು, ಇಲ್ಲವೆ ಅಲ್ಲಿರುವಷ್ಟು ಹೊತ್ತು ಬ್ರೌಸರಿನಲ್ಲೇ ಮೇಲ್ ನೋಡಬೇಕು.

ಪೋರ್ಟ್ ತೆರೆದಿದ್ದೂ ಮೇಲ್ ಹೋಗದಿದ್ದಾಗ ಎದುರಾಗುವ ಒಂದು ತಪ್ಪು ಹಳೆಯ ಕೈಗಳನ್ನೂ ದಾರಿತಪ್ಪಿಸುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಪೋರ್ಟ್ ನಂಬರಿನ ಪಕ್ಕ Connection security ಎಂಬ ಆಯ್ಕೆ ಇರುತ್ತದೆ, ಅದರಲ್ಲಿ SSL/TLS ಮತ್ತು STARTTLS ಎಂಬ ಎರಡು ಬಗೆ. 465ರಲ್ಲಿ ಮೊದಲ ಅಕ್ಷರದಿಂದಲೇ ಗುಪ್ತಲಿಪಿ. ಆ್ಯಪ್ ಮೊದಲು ಮಾತಾಡಲಿ ಎಂದು ಸರ್ವರ್ ಕಾಯುತ್ತದೆ. 587ರಲ್ಲಿ ಮೊದಲು ಸರ್ವರ್ ಬಯಲಾಗಿ ನಮಸ್ಕಾರ ಹೇಳುತ್ತದೆ, ಆಮೇಲೆ ಆ್ಯಪ್ STARTTLS ಎಂದು ಕೇಳಿ ಗುಪ್ತಲಿಪಿಗೆ ಬದಲಾಗುತ್ತದೆ. ಈಗ 465 ಎಂದು ಬರೆದು STARTTLS ಆರಿಸಿದರೆ ಏನಾಗುತ್ತದೆ ನೋಡಿ: ಆ್ಯಪ್ ಸರ್ವರಿನ ನಮಸ್ಕಾರಕ್ಕೆ ಕಾಯುತ್ತದೆ, ಸರ್ವರ್ ಆ್ಯಪ್‌ನ ಮೊದಲ ಮಾತಿಗೆ ಕಾಯುತ್ತದೆ. ಇಬ್ಬರೂ ಸುಮ್ಮನಿದ್ದು ಕೊನೆಗೆ ಸಮಯ ಮೀರಿತು ಎಂಬ ಸಂದೇಶ ಬರುತ್ತದೆ. ಪೋರ್ಟ್ ಮುಚ್ಚಿದಾಗ ಬರುವುದೂ ಅದೇ ಸಂದೇಶ. PowerShell ಪರೀಕ್ಷೆ ಮಾಡದವರು ಇಲ್ಲಿ ಇಂಟರ್ನೆಟ್ ಕಂಪನಿಗೆ ಫೋನ್ ಹಚ್ಚುತ್ತಾರೆ, ಅವರು ‘ನಮ್ಮ ಕಡೆ ಎಲ್ಲ ಸರಿ ಇದೆ ಸರ್’ ಎನ್ನುತ್ತಾರೆ, ಮತ್ತು ಆ ಸಲ ಅವರು ಹೇಳುವುದು ನಿಜ. ತಿರುವುಮುರುವಾಗಿ 587ಕ್ಕೆ SSL/TLS ಹಾಕಿದರೆ ತಪ್ಪು ಕೂಡಲೇ ಕಾಣುತ್ತದೆ. ಗುಪ್ತಲಿಪಿ ಬಯಸಿದ ಆ್ಯಪ್ ಸರ್ವರಿನ ಬಯಲು ಮಾತು ಕೇಳಿ ಗೊಂದಲಗೊಂಡು ಸುರಕ್ಷತಾ ದೋಷ ಎಂದು ದೂರುತ್ತದೆ. ನೆನಪಿಡಬೇಕಾದ ಜೋಡಿ ಇಷ್ಟೇ: 465 ಮತ್ತು 993ಕ್ಕೆ SSL/TLS, 587ಕ್ಕೆ STARTTLS. None ಎಂಬ ಮೂರನೆಯ ಆಯ್ಕೆಯನ್ನು ‘ಹಾಗಾದರೂ ಹೋಗಲಿ’ ಎಂದು ಹಾಕಬಾರದು, ಪಾಸ್‌ವರ್ಡ್ ದಾರಿಯುದ್ದಕ್ಕೂ ಬೆತ್ತಲೆಯಾಗಿ ಹೋಗುತ್ತದೆ.

ಈ ಹಂತಗಳು ಒಂದರ ಹಿಂದೊಂದು ಹೇಗೆ ಬರುತ್ತವೆ ಎಂಬುದಕ್ಕೆ ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಬಿಡಿಸೋಣ. ಹೊಸನಗರದ ಒಂದು ಅಂಗಡಿಗೆ ಸ್ವಂತ ಡೊಮೈನ್ ಹೆಸರಿನ ಮೇಲ್ ಇದೆ, ಅದನ್ನು ನಡೆಸುವುದು ಒಂದು ಹೋಸ್ಟಿಂಗ್ ಕಂಪನಿ. ಥಂಡರ್‌ಬರ್ಡ್ ಬಳಕೆ. ಟೆಲಿಫೋನ್ ತಂತಿಯ ಹಳೆಯ ಬ್ರಾಡ್‌ಬ್ಯಾಂಡ್ ತೆಗೆಸಿ ಬೇರೆ ಕಂಪನಿಯ ಫೈಬರ್ ಹಾಕಿಸಿದ ದಿನದಿಂದ ಪತ್ರ ಬರುತ್ತದೆ, ಹೋಗುವುದಿಲ್ಲ. ಸಂದೇಶ: ಸಮಯ ಮೀರಿತು. ಹೊರಹೋಗುವ ಸರ್ವರಿನ ಸೆಟ್ಟಿಂಗ್ ತೆರೆದರೆ ಅಲ್ಲಿ ಹಳೆಯ ಇಂಟರ್ನೆಟ್ ಕಂಪನಿಯ ಎಸ್‌ಎಂಟಿಪಿ ಸರ್ವರ್ ಇದೆ, ಪೋರ್ಟ್ 25, ಪಾಸ್‌ವರ್ಡ್ ಬೇಡ ಎಂದಿದೆ. ಇದು ಒಂದು ಕಾಲದ ರೂಢಿ. ತನ್ನದೇ ಗ್ರಾಹಕರ ಸಂಪರ್ಕದಿಂದ ಬಂದ ಪತ್ರವನ್ನು ಆ ಕಂಪನಿ ಹೆಸರು ಕೇಳದೆ ತೆಗೆದುಕೊಳ್ಳುತ್ತಿತ್ತು. ಈಗ ಅಂಗಡಿ ಅದರ ಗ್ರಾಹಕನಲ್ಲ. ಪರೀಕ್ಷಿಸಿದಾಗ ಆ ಸರ್ವರಿನ 25 False, smtp.gmail.com ನ 25 ಕೂಡ False. ಎರಡು ಸಂಬಂಧವಿಲ್ಲದ ಸರ್ವರ್‌ಗಳ 25 ಒಟ್ಟಿಗೆ ಮುಚ್ಚಿರುವುದರಿಂದ ಹೊಸ ಸಂಪರ್ಕದಲ್ಲೇ 25 ಇಲ್ಲ ಎಂದಾಯಿತು. ಹೋಸ್ಟಿಂಗ್ ಕಂಪನಿಯ ಸರ್ವರಿನ 587 ಮಾತ್ರ True. ಸರಿ, ಸರ್ವರ್ ಹೆಸರು ಬದಲಿಸಿ 587 ಹಾಕಿದರು, Connection security ಮುಟ್ಟಲಿಲ್ಲ. ಈಗ ಸರ್ವರ್ 530 ಎಂಬ ಸಂಖ್ಯೆಯೊಂದಿಗೆ ಮೊದಲು STARTTLS ಕೇಳು ಎಂದಿತು. ಅದನ್ನು ಹಾಕಿದರು. ಈಗ 554, Relay access denied: ನೀನು ಯಾರೆಂದು ಹೇಳದೆ ಹೊರಗಿನವರಿಗೆ ಪತ್ರ ಕಳಿಸಲಾರೆ ಎಂದು ಅದರ ಅರ್ಥ. Authentication method ನಲ್ಲಿ Normal password ಆರಿಸಿ, ಬಳಕೆದಾರರ ಹೆಸರಿನಲ್ಲಿ @ ಹಿಂದಿನ ಭಾಗ ಮಾತ್ರ ಬರೆದರು. ಈಗ 535, ಹೆಸರು ಅಥವಾ ಪಾಸ್‌ವರ್ಡ್ ಒಪ್ಪಲಿಲ್ಲ. ಪೂರ್ತಿ ವಿಳಾಸ ಬರೆದಾಗ ಪತ್ರ ಹೋಯಿತು.

ಈ ಪ್ರಕರಣದಲ್ಲಿ ಅವಸರದವರು ನಾಲ್ಕೂ ಸಲ ‘ಇನ್ನೂ ಆಗ್ತಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ಸಂದೇಶ ಓದಿದವರಿಗೆ ಪ್ರತಿ ಸಲವೂ ಒಂದು ಹೆಜ್ಜೆ ಮುಂದೆ ಹೋದದ್ದು ಕಾಣುತ್ತದೆ: ತಲುಪಿದೆವು, ಗುಪ್ತಲಿಪಿ ಆಯಿತು, ಗುರುತು ಕೇಳಿದರು, ಗುರುತು ಒಪ್ಪಿದರು. ದೋಷದ ಸಂದೇಶ ಬದಲಾಗುವುದೇ ದಾರಿ ಸರಿಯಿದೆ ಎಂಬುದಕ್ಕೆ ಗುರುತು. ಮೊದಲ ಸಂದೇಶ ಕಂಡಾಗಲೇ ಪಾಸ್‌ವರ್ಡ್ ಬದಲಿಸಿದ್ದರೆ ಹೋಗದ ಪತ್ರ ಹೋಗುತ್ತಿರಲಿಲ್ಲ, ಬರುತ್ತಿದ್ದ ಪತ್ರವೂ ನಿಲ್ಲುತ್ತಿತ್ತು. ಸಮಯ ಮೀರಿತು ಎಂದರೆ ಸರ್ವರ್ ಪಾಸ್‌ವರ್ಡ್ ನೋಡುವ ಹಂತಕ್ಕೇ ಬಂದಿಲ್ಲ. ನೋಡದೆ ಇರುವುದನ್ನು ಅದು ತಿರಸ್ಕರಿಸಿರಲು ಸಾಧ್ಯವಿಲ್ಲ. ಹಳೆಯ ಔಟ್‌ಲುಕ್‌ನಲ್ಲಿ ಇದೇ ಭೇದ ಸಂಕೇತಗಳಲ್ಲಿ ಬರುತ್ತದೆ: 0x800CCC0E ಮತ್ತು 0x80042109 ಎಂದರೆ ಸರ್ವರ್ ಸಿಗಲಿಲ್ಲ, 0x800CCC92 ಎಂದರೆ ಸರ್ವರ್ ಸಿಕ್ಕಿ ಲಾಗಿನ್ ತಿರಸ್ಕರಿಸಿತು.

ಹಾಗೆಂದು ಪಾಸ್‌ವರ್ಡ್ ನಿರಪರಾಧಿ ಎಂದಲ್ಲ. 535 ಬಂದರೆ ಅದರ ಸರದಿ ಬಂತು, ಆದರೆ ಆಗಲೂ ‘ತಪ್ಪು ಪಾಸ್‌ವರ್ಡ್’ ಎಂಬುದು ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ. ‘ನಾವೇನೂ ಮುಟ್ಟಿಲ್ಲ, ನಿನ್ನೆವರೆಗೂ ನಡೀತಿತ್ತು’ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲಿದೆ: ಮುಟ್ಟಿದ್ದು ಆ ಕಡೆಯವರು. ಹೆಸರು ಮತ್ತು ಸಾಮಾನ್ಯ ಪಾಸ್‌ವರ್ಡ್ ಮಾತ್ರ ಕೊಟ್ಟು ಒಳಬರುವ ಆ್ಯಪ್‌ಗಳಿಗೆ ಗೂಗಲ್ 2022ರ ಮೇ 30ರಿಂದ ಬಾಗಿಲು ಮುಚ್ಚಿತು. ಕಚೇರಿಗಳ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಸೌಲಭ್ಯ, ಬೆಂಗಳೂರಿನಲ್ಲೇ ಹುಟ್ಟಿ ನಮ್ಮ ಅಂಗಡಿ ಮಂಡಿಗಳಲ್ಲೆಲ್ಲ ಇರುವ ಟ್ಯಾಲಿಯಿಂದ ಬಿಲ್ ಮೇಲ್ ಮಾಡುವ ಸೌಲಭ್ಯ, ಇಂಥವಕ್ಕೆಲ್ಲ ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ಕೊಟ್ಟಿಟ್ಟಿದ್ದವರು ಇದರ ಬಿಸಿ ಉಂಡರು. ವೈಯಕ್ತಿಕ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ಮೈಕ್ರೋಸಾಫ್ಟ್ ಇದನ್ನೇ 2024ರ ಸೆಪ್ಟೆಂಬರ್ 16ರಿಂದ ಜಾರಿಗೆ ತಂದಿತು. ವಿಂಡೋಸ್ ಜೊತೆ ಬರುತ್ತಿದ್ದ Mail ಎಂಬ ಆ್ಯಪ್‌ನ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರಲ್ಲಿ ಮೇಲ್ ಹೋಗದಿದ್ದರೆ ಹುಡುಕಬೇಕಾದದ್ದು ದೋಷವನ್ನಲ್ಲ, ಬೇರೆ ಆ್ಯಪ್ ಅನ್ನು.

ಜಿಮೇಲ್ ವಿಷಯದಲ್ಲಿ ಪರಿಹಾರ ಎರಡು ಬಗೆ. ಥಂಡರ್‌ಬರ್ಡ್ ಆದರೆ Authentication method ನಲ್ಲಿ OAuth2 ಇರಬೇಕು, ಈಗಿನ ಔಟ್‌ಲುಕ್ ತಾನಾಗಿಯೇ ಅದನ್ನು ಬಳಸುತ್ತದೆ. ಆಗ ಆ್ಯಪ್ ಗೂಗಲ್‌ನ ಲಾಗಿನ್ ಪುಟವನ್ನೇ ತೆರೆಯುತ್ತದೆ, ಪಾಸ್‌ವರ್ಡ್ ಆ್ಯಪ್‌ನಲ್ಲಿ ಉಳಿಯುವುದೇ ಇಲ್ಲ. ಸ್ಕ್ಯಾನರ್‌ನಂಥ, ಪುಟ ತೆರೆಯಲು ಬಾರದ ಯಂತ್ರಗಳಿಗೆ ಆ್ಯಪ್ ಪಾಸ್‌ವರ್ಡ್ ಎಂಬ ಹದಿನಾರು ಅಕ್ಷರಗಳ ಬೇರೆಯೇ ಪಾಸ್‌ವರ್ಡ್ ಮಾಡಿಕೊಡಬೇಕು. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿದ ಮೇಲಷ್ಟೇ myaccount.google.com/apppasswords ಪುಟದಲ್ಲಿ ಇದು ಸಿಗುತ್ತದೆ. ಎರಡು ಹಂತ ಇದ್ದೂ ಆ್ಯಪ್‌ನಲ್ಲಿ ಮಾಮೂಲಿ ಪಾಸ್‌ವರ್ಡ್ ಇಟ್ಟಿದ್ದರೆ ಗೂಗಲ್ Application-specific password required ಎಂದು ಬಾಯಿಬಿಟ್ಟೇ ಹೇಳುತ್ತದೆ. ಅದೇ ಖಾತೆಯ ಎರಡನೆಯ ಹಂತವನ್ನು ದಾಟಿಸುವ ಈ ಪಾಸ್‌ವರ್ಡ್ ಒಂದು ಹಿಂಬಾಗಿಲಲ್ಲವೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಹೌದು, OAuth2ಗಿಂತ ಇದು ದುರ್ಬಲ. ಆ ದಾರಿ ಇರುವ ಕಡೆ ಇದನ್ನು ಬಳಸಬಾರದು. ಆದರೆ ಮಾಮೂಲಿ ಪಾಸ್‌ವರ್ಡನ್ನೇ ಜೆರಾಕ್ಸ್ ಯಂತ್ರದಲ್ಲಿ ಬರೆದಿಡುತ್ತಿದ್ದುದಕ್ಕಿಂತ ಮೇಲು, ಏಕೆಂದರೆ ಒಂದೊಂದು ಯಂತ್ರಕ್ಕೆ ಒಂದೊಂದು ಕೊಟ್ಟು, ಯಂತ್ರ ಮಾರುವ ದಿನ ಅದೊಂದನ್ನೇ ಅಳಿಸಬಹುದು.

ಮೊದಲೇ ಪಾಸ್‌ವರ್ಡ್ ಬದಲಿಸಬೇಡಿ ಎಂಬುದಕ್ಕೆ ಅತಿ ಬಲವಾದ ಕಾರಣವೂ ಇಲ್ಲೇ ಇದೆ. ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಆ ಖಾತೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಒಂದು ಕಂಪ್ಯೂಟರಿನ ಮುಚ್ಚಿದ ಪೋರ್ಟ್‌ಗಾಗಿ ಪಾಸ್‌ವರ್ಡ್ ಬದಲಿಸಿದವರಿಗೆ ಸಂಜೆ ಹೊತ್ತಿಗೆ ಸ್ಕ್ಯಾನರ್ ನಿಂತಿರುತ್ತದೆ, ಟ್ಯಾಲಿಯ ಬಿಲ್ ನಿಂತಿರುತ್ತದೆ, ಮೂಲ ತೊಂದರೆ ಹಾಗೇ ಇರುತ್ತದೆ. ಈಗ ತೊಂದರೆ ಮೂರು, ಕಾರಣ ಎರಡು. ಥಂಡರ್‌ಬರ್ಡ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ: ತರುವ ಸರ್ವರಿನ ಪಾಸ್‌ವರ್ಡ್, ಕಳಿಸುವ ಸರ್ವರಿನ ಪಾಸ್‌ವರ್ಡ್ ಎರಡನ್ನೂ ಅದು ಬೇರೆ ಬೇರೆಯಾಗಿ ಉಳಿಸಿಟ್ಟುಕೊಳ್ಳುತ್ತದೆ. ಪಾಸ್‌ವರ್ಡ್ ನಿಜವಾಗಿ ಬದಲಾದ ಮೇಲೆ ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆತರೆ, ಬರುತ್ತದೆ, ಹೋಗುವುದಿಲ್ಲ ಎಂಬ ಸ್ಥಿತಿ. Settings ಒಳಗೆ Privacy & Security, ಅದರಲ್ಲಿ Saved Passwords ನೋಡಿದರೆ imap ಎಂದು ಶುರುವಾಗುವುದೊಂದು, smtp ಎಂದು ಶುರುವಾಗುವುದೊಂದು ಸಾಲು ಕಾಣುತ್ತವೆ. ಹಳೆಯದನ್ನು ಅಲ್ಲಿಂದ ಅಳಿಸಿದರೆ ಮುಂದಿನ ಸಲ ಆ್ಯಪ್ ಹೊಸದಾಗಿ ಕೇಳುತ್ತದೆ.

ಪೋರ್ಟ್, ಗುಪ್ತಲಿಪಿ, ಗುರುತು ಮೂರೂ ದಾಟಿಯೂ ಪತ್ರ ಹೋಗದಿದ್ದರೆ ನೋಡಬೇಕಾದ ಒಂದು ಕಾರಣ ಜಾಗ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕ. ಮದುವೆ ಮನೆಯ ವಿಡಿಯೊಗಳು ತುಂಬಿ ಕಚೇರಿಯ ಮೇಲ್ ನಿಲ್ಲುವುದು ಹೀಗೆ. ಜಾಗ ತುಂಬಿದ್ದರೆ ಬ್ರೌಸರಿನಲ್ಲೂ ಪತ್ರ ಹೋಗುವುದಿಲ್ಲ, ಅದರಿಂದಲೇ ಇದನ್ನು ಬೇರ್ಪಡಿಸಬಹುದು.

ಇಷ್ಟೆಲ್ಲ ರಗಳೆ ಯಾಕೆ, ಬ್ರೌಸರಿನಲ್ಲೇ ಮೇಲ್ ನೋಡಿದರಾಯಿತು ಎಂಬುದು ಕೊನೆಯ ಮತ್ತು ಗಟ್ಟಿಯಾದ ಆಕ್ಷೇಪ. ಒಬ್ಬರೇ, ಒಂದೇ ಜಿಮೇಲ್ ವಿಳಾಸ, ದಿನಕ್ಕೆ ನಾಲ್ಕು ಪತ್ರ ಎಂದಾದರೆ ಅದು ಸರಿಯಾದ ಸಲಹೆಯೇ, ಅಂಥವರು ಆ್ಯಪ್‌ಗೆ ಜೋತುಬೀಳಬೇಕಿಲ್ಲ. ಆದರೆ ಟ್ಯಾಲಿಗೂ ಸ್ಕ್ಯಾನರಿಗೂ ಬ್ರೌಸರ್ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾಗಿ ಎರಡು ದಿನ ನೆಟ್ ಇಲ್ಲದ ತೀರ್ಥಹಳ್ಳಿಯ ಕಚೇರಿಗೆ ಹಳೆಯ ಪತ್ರಗಳು ಕಂಪ್ಯೂಟರಿನಲ್ಲೇ ಇರುವುದು ಬೇಕು. ನಾಲ್ಕು ವಿಳಾಸಗಳನ್ನು ಒಂದೇ ಕಡೆ ನೋಡುವ ಆಡಿಟರ್‌ಗೂ ಬೇಕು. ಇಂಥವರಿಗೆ ಬ್ರೌಸರ್ ತಾತ್ಕಾಲಿಕ ದಾರಿ.

ಕೊನೆಗೆ, ಪರೀಕ್ಷೆ ತೋರಿಸಿದ ತಪ್ಪು ನಿಮ್ಮ ಕೈಮೀರಿದ್ದಾದರೆ ದೂರು ಕೊಡುವ ರೀತಿಯಲ್ಲಿ ಬಹಳ ಅಡಗಿದೆ. ‘ಮೇಲ್ ಹೋಗ್ತಿಲ್ಲ’ ಎಂದರೆ ಕಂಪನಿಯವರು ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ, ಸ್ಥಳೀಯ ಕೇಬಲ್‌ನವರು ಬಂದು ಯೂಟ್ಯೂಬ್ ಓಡಿಸಿ ತೋರಿಸಿ ಹೋಗುತ್ತಾರೆ. ಅದರ ಬದಲು ಹೀಗೆ ಬರೆದುಕೊಡಿ: ಇಂಥ ದಿನ ಇಷ್ಟು ಗಂಟೆಗೆ ನಿಮ್ಮ ಸಂಪರ್ಕದಲ್ಲಿ smtp.gmail.com 587ಕ್ಕೆ TcpTestSucceeded False. ಅದೇ ಕಂಪ್ಯೂಟರಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದಾಗ True. ಜೊತೆಗೆ ಎರಡೂ ಪರದೆಗಳ ಚಿತ್ರ. 25 ತೆರೆಸಿಕೊಡಿ ಎಂದು ಕೇಳಬೇಡಿ, ಅದು ಮುಚ್ಚಿರುವುದು ತಪ್ಪಲ್ಲ. 587, 465, 993 ಮುಚ್ಚಿದ್ದರೆ ಮಾತ್ರ ಕೇಳುವುದು ನ್ಯಾಯವಾದ ದೂರು. ಅವರು ಸರಿಪಡಿಸುವವರೆಗೆ 587 ಮುಚ್ಚಿ 465 ತೆರೆದಿದ್ದರೆ, ಆ್ಯಪ್‌ನಲ್ಲಿ ನಂಬರ್ ಬದಲಿಸಿ ಪಕ್ಕದಲ್ಲಿ SSL/TLS ಆರಿಸಿದರೆ ಅಂದಿನ ಪತ್ರಗಳು ಹೋಗುತ್ತವೆ.